ಮದುವೆ ವಿಡಿಯೋದಲ್ಲಿ ಒಂದು ಶಾಟ್ ಬೇಡ, ಹಾಡು ಮಾತ್ರ ತುಂಡಾಗಬಾರದು!

"ಎಡಿಟ್ ಆಗಿ ಬಂದ ಮದುವೆ ವಿಡಿಯೋದಲ್ಲಿ ಒಂದೇ ಒಂದು ಶಾಟ್ ತೆಗೆಯಬೇಕು. ತೆಗೆದರೆ ಹಾಡು ಜಿಗಿಯುತ್ತೆ. ಏನು ಮಾಡಲಿ?"

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಉತ್ತರ ಚಿಕ್ಕದು: ತೆಗೆಯಬೇಡಿ, ಮುಚ್ಚಿ.

ಅಷ್ಟು ಹೇಳಿದ ತಕ್ಷಣ ಬರುವ ಮಾತು, "ಕಟ್ ಮಾಡಿ ಜೋಡಿಸಿದ ಜಾಗದಲ್ಲಿ ಕ್ರಾಸ್‌ಫೇಡ್ ಹಾಕಿದರೆ ಗೊತ್ತೇ ಆಗಲ್ಲ ಅಲ್ವಾ?" ಗೊತ್ತಾಗುತ್ತೆ! ಯಾಕೆ ಅಂತ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಯಾರೋ ಆಕಳಿಸುವ ಶಾಟ್ ಇದೆ ಅಂದುಕೊಳ್ಳಿ. ಉದ್ದ 4 ಸೆಕೆಂಡ್ 8 ಫ್ರೇಮ್. ವಿಡಿಯೋ ಸೆಕೆಂಡಿಗೆ 25 ಫ್ರೇಮ್‌ನದು, ಅಂದರೆ ಶಾಟ್ 4.32 ಸೆಕೆಂಡ್. ಹಾಡಿನಲ್ಲಿ ನಿಮಿಷಕ್ಕೆ 100 ಬಡಿತ ಇದ್ದರೆ ಒಂದು ಬಡಿತಕ್ಕೆ 0.6 ಸೆಕೆಂಡ್. ಭಾಗಿಸಿದರೆ 7.2 ಬಡಿತ. ಸುಮ್ನೆ ಕಟ್ ಮಾಡಿದರೆ ಹಾಡು 7 ಬಡಿತದ ಜೊತೆಗೆ ಇನ್ನೊಂದು ಚೂರನ್ನೂ ಕಳೆದುಕೊಳ್ಳುತ್ತದೆ. ಆ ಚೂರೇ ತಾಳ ತಪ್ಪಿಸುವುದು. ಕ್ರಾಸ್‌ಫೇಡ್ ಹಾಕಿದರೆ ಕಟ್ಟಿನ ಆಚೆ ಈಚೆಯ ಬಡಿತಗಳು 0.12 ಸೆಕೆಂಡ್ ಅಂತರದಲ್ಲಿ ಒಂದರ ಮೇಲೊಂದು ಕೇಳಿಸುತ್ತವೆ. ಡೋಲು ಎಡವಿ ಬಿದ್ದ ಹಾಗೆ! ಫೇಡ್ ಸದ್ದನ್ನು ಏರಿಸಿ ಇಳಿಸುತ್ತದೆ ಅಷ್ಟೇ, ತಾಳ ಸರಿ ಮಾಡುವುದು ಅದರ ಕೆಲಸವಲ್ಲ. ಹಾಡು ಬಡಿತದ ನಡುವೆ ತುಂಡಾದರೆ ಸಾಹಿತ್ಯದ ಅರ್ಧ ಪದವೂ ಹೋಗಿರಬಹುದು. ಅದನ್ನು ಯಾವ ಫೇಡ್ ವಾಪಸ್ ತರುತ್ತೆ?

ಹಾಗಾಗಿ ಆಡಿಯೋ ಮುಟ್ಟಲೇಬೇಡಿ. ಆಕಳಿಕೆಯ ಮೇಲಿನ ವಿಡಿಯೋ ಟ್ರ್ಯಾಕ್‌ನಲ್ಲಿ ಸರಿಯಾಗಿ 108 ಫ್ರೇಮ್‌ನ ಬೇರೆ ಶಾಟ್ ಇಡಿ, ಅದರ ಸದ್ದು ಮ್ಯೂಟ್ ಮಾಡಿ. ಮೊಬೈಲ್ ಆ್ಯಪ್‌ನಲ್ಲಾದರೆ ಓವರ್‌ಲೇ ಆಗಿ ಹಾಕಿ. ಅಲ್ಲಿ ಮುಖ್ಯ ಟ್ರ್ಯಾಕ್‌ನಿಂದ ಅಳಿಸಿದರೆ ಸಾಮಾನ್ಯವಾಗಿ ಉಳಿದದ್ದೆಲ್ಲ ತಾನೇ ಸರಿದು ಖಾಲಿ ಜಾಗ ತುಂಬಿಬಿಡುತ್ತದೆ. ಮುಚ್ಚುವ ಶಾಟ್‌ನಲ್ಲಿ ಯಾರೂ ಮಾತಾಡುತ್ತಿರಬಾರದು, ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತೆ. ಹೂವು, ಕೈ, ದೂರದಿಂದ ತೆಗೆದ ಜನ, ಇವು ಒಳ್ಳೆಯವು. ಏನೂ ಸಿಗದಿದ್ದರೆ ಅದೇ ಸಮಾರಂಭದ ಒಂದು ಫೋಟೋ ನಿಧಾನವಾಗಿ ಜೂಮ್ ಆಗುವಂತೆ ಇಡಿ.

ಜಾಸ್ತಿ ಜನ ಎಡವುವುದು ಡಿಸಾಲ್ವ್ ಹತ್ತಿರ. ಹಿಂದಿನ ಶಾಟ್ ಕರಗಿ ಆಕಳಿಕೆ ಮೂಡುತ್ತಿದ್ದರೆ, ಕರಗುವ ಮೊದಲ ಫ್ರೇಮಿನಿಂದಲೇ ಮುಚ್ಚಬೇಕು. ಇಲ್ಲದಿದ್ದರೆ ಆ ಮುಖ ಭೂತದ ಹಾಗೆ ಅರೆಕ್ಷಣ ಇಣುಕುತ್ತದೆ. ಬಾಣದ ಕೀಲಿ ಒತ್ತಿ ಒಂದೊಂದೇ ಫ್ರೇಮ್ ನೋಡಿ, ಎರಡೂ ತುದಿಯಲ್ಲಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮತ್ತೆ ಎಕ್ಸ್‌ಪೋರ್ಟ್ ಮಾಡುವಾಗ ಆಡಿಯೋ ಕೂಡ ಇನ್ನೊಮ್ಮೆ ಕಂಪ್ರೆಸ್ ಆಗುತ್ತದೆ. ನಾವು ಉದ್ದ ಬದಲಿಸಿಲ್ಲವಲ್ಲ, ಹಳೆಯ ಫೈಲಿನ ಆಡಿಯೋವನ್ನೇ ಹಾಗೇ ತಂದು ಹೊಸ ಚಿತ್ರಕ್ಕೆ ಜೋಡಿಸಬಹುದು. ಕಂಪ್ಯೂಟರಿನಲ್ಲಿ ffmpeg ಅನ್ನೋ ಉಚಿತ ಪ್ರೋಗ್ರಾಂ ಇದ್ದರೆ ಈ ಕಮಾಂಡ್ ಸಾಕು:

```
ffmpeg -i new.mp4 -i old.mp4 -map 0:v -map 1:a -c copy final.mp4
```

ಕೊನೆಯ ದೃಶ್ಯದಲ್ಲಿ ಸದ್ದಿಗೂ ಚಿತ್ರಕ್ಕೂ ತಾಳೆಯಾಗದಿದ್ದರೆ ಎಲ್ಲೋ ಫ್ರೇಮ್ ಹೆಚ್ಚುಕಮ್ಮಿ ಆಗಿದೆ. ಮುಖ್ಯ ಟ್ರ್ಯಾಕ್‌ನಲ್ಲಿ ಏನಾದರೂ ಅಳಿಸಿದ್ದೀರಾ, ಸೇರಿಸಿದ್ದೀರಾ, ನೋಡಿಕೊಳ್ಳಿ.