ಟಿಟಿಜಿ 64: ಗೋಧಿ ನಿಲ್ಲಿಸುವ ಮುನ್ನ

ಎರಡೂವರೆ ವರ್ಷದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ತೂಕ 10.2 ಕೆಜಿ. ಆ ವಯಸ್ಸಿನ ಗಂಡುಮಗು ಸರಾಸರಿ 13 ಕೆಜಿಗಿಂತ ಸ್ವಲ್ಪ ಹೆಚ್ಚಿರುತ್ತದೆ. ಒಂಬತ್ತು ತಿಂಗಳವರೆಗೆ ತಾಯಿ ಕಾರ್ಡಿನ ಗೆರೆಯ ಜೊತೆಗೇ ಏರುತ್ತಿದ್ದ ಅವನ ತೂಕ ಆಮೇಲೆ ನಿಧಾನಕ್ಕೆ ಕೆಳಗಿನ ಗೆರೆಗೆ ಜಾರಿದೆ. ಹೊಟ್ಟೆ ಉಬ್ಬಿದೆ, ತೋಳು ತೊಡೆ ಸೊರಗಿವೆ, ರಕ್ತ ಕಡಿಮೆ ಇದೆ. ಜಂತುಹುಳದ ಔಷಧಿ, ಟಾನಿಕ್ಕು ಎಲ್ಲ ಆಗಿವೆ. ಕೊನೆಗೆ, ಗೋಧಿ ತಿಂದರೆ ಸಣ್ಣಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರಬಹುದೆಂದು ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆಯ ರಿಪೋರ್ಟ್ ಬಂದಿದೆ: ಟಿಟಿಜಿ-ಐಜಿಎ 64, ಮಿತಿ 20.

ಅಂದು ರಾತ್ರಿಯೇ ಮನೆಯವರು ಚಪಾತಿ, ಬಿಸ್ಕತ್ತು ಬಂದ್ ಮಾಡಿಬಿಡುತ್ತಾರೆ. ಮಗುವಿನ ಮೇಲಿನ ಪ್ರೀತಿಯಿಂದಲೇ ಮಾಡುವ ಈ ಕೆಲಸ ರೋಗ ಪತ್ತೆಯನ್ನು ಅತಿ ಹೆಚ್ಚು ಕೆಡಿಸುತ್ತದೆ. ಏಕೆ ಎಂದು ತಿಳಿಯಲು ಈ ಪರೀಕ್ಷೆ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು 1888ರಲ್ಲೇ ಈ ಸೀಲಿಯಾಕ್ ಕಾಯಿಲೆಯ ಮಕ್ಕಳನ್ನು ವಿವರಿಸಿದ್ದರು. ಇದು ವಾಸಿಯಾಗುವುದಾದರೆ ಆಹಾರದಿಂದಲೇ ಆಗಬೇಕು ಎಂದೂ ಬರೆದಿದ್ದರು. ಯಾವ ಆಹಾರ ಎಂಬುದು ಮಾತ್ರ ಅವರಿಗೆ ಸಿಗಲಿಲ್ಲ. ಅದನ್ನು ಹಿಡಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಯುದ್ಧಕ್ಕೂ ಮೊದಲೇ ಅವರಿಗೆ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಚಳಿಗಾಲದ ಬರಗಾಲದಲ್ಲಿ ಬ್ರೆಡ್ಡೇ ಸಿಗದಂತಾದಾಗ ಆ ಅನುಮಾನ ಗಟ್ಟಿಯಾಯಿತು. 1950ರಲ್ಲಿ ಅವರ ಪ್ರಬಂಧ ಬಂತು. ಮಕ್ಕಳಿಗೆ ಗೋಧಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು, ತೂಕ ಮತ್ತು ಮಲದಲ್ಲಿ ಹೋಗುವ ಕೊಬ್ಬನ್ನು ಗಮನಿಸುವುದೇ ಆಗಿನ ಸಾಕ್ಷ್ಯ.

ಕರುಳಿನೊಳಗೆ ಏನಾಗುತ್ತದೆ ಎಂಬುದು 1950ರ ದಶಕದ ನಡುವೆ ಕಂಡಿತು. ಸಣ್ಣಕರುಳಿನ ಒಳಮೈ ಟರ್ಕಿ ಟವೆಲ್ಲಿನಂತೆ, ತುಂಬ ಸಣ್ಣ ಕುಚ್ಚುಗಳಿಂದ ಕೂಡಿರುತ್ತದೆ. ಉಂಡದ್ದನ್ನು ಹೀರುವುದು ಆ ಕುಚ್ಚುಗಳೇ. ಸೀಲಿಯಾಕ್‌ನಲ್ಲಿ ಅವು ಸವೆದು ಮೈ ಚಪ್ಪಟೆಯಾಗುತ್ತದೆ. ಬಾಯಿಯ ಮೂಲಕ ಕೊಳವೆ ಇಳಿಸಿ ಚೂರು ತೆಗೆಯುವ ದಾರಿ ಸಿಕ್ಕಮೇಲೆ ವೈದ್ಯರು ಎಷ್ಟು ಕಟ್ಟುನಿಟ್ಟಾದರೆಂದರೆ, 1969ರಲ್ಲಿ ಇಂಟರ್‌ಲಾಕೆನ್‌ನಲ್ಲಿ ಸೇರಿದ ಯೂರೋಪಿನ ಮಕ್ಕಳ ತಜ್ಞರು ಮೂರು ಬಯಾಪ್ಸಿ ಬೇಕೆಂದರು: ರೋಗವಿದ್ದಾಗ ಒಂದು, ಗೋಧಿ ಬಿಟ್ಟು ಸುಧಾರಿಸಿದ ಮೇಲೆ ಒಂದು, ಮತ್ತೆ ಗೋಧಿ ಕೊಟ್ಟು ಕೆಡಿಸಿದ ಮೇಲೆ ಇನ್ನೊಂದು. ಒಂದು ಪುಟ್ಟ ಮಗು ಇದನ್ನೆಲ್ಲ ಸಹಿಸಬೇಕಿತ್ತು. 1990ರ ಹೊತ್ತಿಗೆ ಸಾಮಾನ್ಯ ಪ್ರಕರಣಗಳಲ್ಲಿ ಒಂದೇ ಬಯಾಪ್ಸಿ ಸಾಕು ಎಂದಾಯಿತು. ಕಾರಣ, ರಕ್ತದಲ್ಲೂ ಸುಳಿವು ಸಿಗತೊಡಗಿತ್ತು.

ಆ ಸುಳಿವಿನ ಹೆಸರು ಇಎಂಎ, ಅಂದರೆ ಎಂಡೋಮೈಸಿಯಲ್ ಆಂಟಿಬಾಡಿ. ಮಂಗನ ಅನ್ನನಾಳದ ತೆಳುಪದರದ ಮೇಲೆ ರೋಗಿಯ ರಕ್ತದ್ರವ ಹಾಕಿ, ಹೊಳೆಯುವ ಬಣ್ಣ ಕೂಡಿಸಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುವ ಪರೀಕ್ಷೆ. ಆ ಆಂಟಿಬಾಡಿ ನಿಜಕ್ಕೂ ಯಾವುದಕ್ಕೆ ಅಂಟುತ್ತಿದೆ ಎಂಬುದು 1997ರವರೆಗೆ ಗೊತ್ತಿರಲಿಲ್ಲ. ಬರ್ಲಿನ್ನಿನಲ್ಲಿ ಡೀಟರಿಕ್, ಶೂಪ್ಪಾನ್ ಮತ್ತು ಸಂಗಡಿಗರು ಅದು ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್, ಅಂದರೆ ಟಿಟಿಜಿ, ಎಂದು ತೋರಿಸಿದರು. ಗಾಯ ಮಾಗಿಸಲು ನೆರವಾಗುವ ನಮ್ಮದೇ ದೇಹದ ಕಿಣ್ವ ಅದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ತುಣುಕನ್ನು ಅದು ಕೊಂಚ ಬದಲಿಸುತ್ತದೆ. ಬದಲಾದ ತುಣುಕು ಡಿಕ್ಯೂ2 ಅಥವಾ ಡಿಕ್ಯೂ8 ಜೀನ್ ಇರುವವರಲ್ಲಿ ರೋಗನಿರೋಧಕ ಕಣಗಳನ್ನು ಕೆರಳಿಸುತ್ತದೆ, ಆ ಕೋಪ ಕಿಣ್ವದ ಮೇಲೂ ತಿರುಗುತ್ತದೆ. ಗುರಿ ಗೊತ್ತಾದ ಮೇಲೆ ಆ ಆಂಟಿಬಾಡಿಯನ್ನು ಯಂತ್ರದಲ್ಲಿ ಅಳೆದು ಅಂಕಿ ಕೊಡುವ ಟಿಟಿಜಿ ಪರೀಕ್ಷೆ ಎಲ್ಲ ಲ್ಯಾಬುಗಳಿಗೂ ಬಂತು.

ಅಂಕಿ ಬಂದಮೇಲೆ ಹೊಸ ಪ್ರಶ್ನೆ ಹುಟ್ಟಿತು: ಎಷ್ಟು ಹೆಚ್ಚಿದ್ದರೆ ಬಯಾಪ್ಸಿಯೇ ಬೇಡ? 2012ರಲ್ಲಿ ಯೂರೋಪಿನ ಮಕ್ಕಳ ತಜ್ಞರ ಸಂಘ ಎಸ್ಪ್‌ಗಾನ್, ಟಿಟಿಜಿ ಮಿತಿಯ ಹತ್ತು ಪಟ್ಟು ದಾಟಿರಬೇಕು, ಜೊತೆಗೆ ರೋಗಲಕ್ಷಣ, ಜೀನ್ ಪರೀಕ್ಷೆ, ಇಎಂಎ ಇರಬೇಕು ಎಂದಿತು. 2020ರಲ್ಲಿ ಲಕ್ಷಣ ಮತ್ತು ಜೀನ್‌ಗಳ ಷರತ್ತು ಕೈಬಿಟ್ಟಿತು. ಟಿಟಿಜಿ ಹತ್ತು ಪಟ್ಟು ಅಥವಾ ಹೆಚ್ಚು, ಬೇರೆ ದಿನ ತೆಗೆದ ಎರಡನೇ ರಕ್ತದಲ್ಲಿ ಇಎಂಎ ಪಾಸಿಟಿವ್ ಇದ್ದರೆ, ತಂದೆ ತಾಯಿಯೊಂದಿಗೆ ಮಾತಾಡಿ ಬಯಾಪ್ಸಿ ಬಿಡಬಹುದು. ಎರಡನೇ ಸಲ ಸೂಜಿ ಚುಚ್ಚುವುದು ದುಡ್ಡು ಕೀಳಲು ಎಂದು ಹಲವರು ಭಾವಿಸುತ್ತಾರೆ. ಮಾದರಿಯ ಹೆಸರು ಅದಲುಬದಲಾದರೆ ಆ ಮಗು ಜೀವಮಾನವಿಡೀ ಗೋಧಿ ಬಿಡಬೇಕಾದೀತು, ಅದನ್ನು ತಪ್ಪಿಸಲು ಈ ಎರಡನೇ ರಕ್ತ.

ನಮ್ಮ ಹುಡುಗನಿಗೆ ಬನ್ನಿ. 64ನ್ನು 20ರಿಂದ ಭಾಗಿಸಿದರೆ 3.2 ಪಟ್ಟು. ಹತ್ತು ಪಟ್ಟಿಗೆ 200 ಆಗಬೇಕಿತ್ತು. ಹಾಗಾಗಿ ಅವನಿಗೆ ಬಯಾಪ್ಸಿ ತಪ್ಪದು. ಇಷ್ಟು ಸಣ್ಣ ಏರಿಕೆ ಬೇರೆ ಸೋಂಕಿನ ಹೊತ್ತಿನಲ್ಲಿ ತಾತ್ಕಾಲಿಕವಾಗಿಯೂ ಕಾಣಬಹುದು, ಟೈಪ್-1 ಮಧುಮೇಹದ ಮಕ್ಕಳಲ್ಲೂ ಬಂದು ತಾನೇ ಇಳಿಯಬಹುದು. ರಕ್ತದಲ್ಲಿ ಐಜಿಎ ಎಂಬ ಬಗೆಯ ಆಂಟಿಬಾಡಿ ಒಟ್ಟು ಎಷ್ಟಿದೆ ಎಂದೂ ನೋಡುತ್ತಾರೆ. ಅದು ಹುಟ್ಟಿನಿಂದಲೇ ಕಡಿಮೆ ಇರುವ ಮಗುವಿನಲ್ಲಿ ರೋಗವಿದ್ದರೂ ಟಿಟಿಜಿ-ಐಜಿಎ ನಾರ್ಮಲ್ ಎಂದು ಬರುತ್ತದೆ. ನಮ್ಮ ಹುಡುಗನದು ಏರಿಯೇ ಇರುವುದರಿಂದ ಅವನ ವಿಷಯದಲ್ಲಿ ಆ ಭಯವಿಲ್ಲ.

ನಮ್ಮ ಕಡೆ ಇನ್ನೊಂದು ಮಾತಿದೆ. 2016ರಲ್ಲಿ ಪ್ರಕಟವಾದ ದೊಡ್ಡ ಭಾರತೀಯ ಸಮೀಕ್ಷೆಯಲ್ಲಿ ಈ ಆಂಟಿಬಾಡಿ ಉತ್ತರದವರಲ್ಲಿ ಶೇ 1.23, ದಕ್ಷಿಣದವರಲ್ಲಿ ಶೇ 0.10 ಮಾತ್ರ ಕಂಡಿತು. ಜೀನ್ ಎರಡೂ ಕಡೆ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿತ್ತು, ಬದಲಾದದ್ದು ಗೋಧಿ: ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಹಾಗಾಗಿ ಮುದ್ದೆ, ಅನ್ನ ತಿನ್ನುವ ಮಗುವಿನಲ್ಲಿ ಅಂಕಿ ನೋಡುವ ಮೊದಲು ಅವನು ದಿನಾ ಎಷ್ಟು ಗೋಧಿ ತಿನ್ನುತ್ತಾನೆ ಎಂದು ಕೇಳಬೇಕು. ತುಂಬ ಕಡಿಮೆ ತಿನ್ನುವವನಲ್ಲಿ ಅಂಕಿ ಸುಳ್ಳೇ ಕಡಿಮೆ ಬರಬಹುದು.

ಬಯಾಪ್ಸಿಗೆ ಮಗುವಿಗೆ ಅರಿವಳಿಕೆ ಕೊಟ್ಟು, ಎಂಡೋಸ್ಕೋಪಿನಲ್ಲಿ ಸಣ್ಣಕರುಳಿನ ಮೊದಲ ಭಾಗದಿಂದ ಸಾಸಿವೆ ಗಾತ್ರದ ಚೂರುಗಳನ್ನು ತೆಗೆಯುತ್ತಾರೆ. ಸ್ವಲ್ಪ ಕೆಳಗಿನಿಂದ ಕನಿಷ್ಠ ನಾಲ್ಕು, ಜಠರ ಮುಗಿದ ಕೂಡಲೇ ಇರುವ ಬಲ್ಬಿನಿಂದ ಕನಿಷ್ಠ ಒಂದು. ಒಂದೇ ಚೂರು ತೆಗೆದರೆ ಸಾಲದು, ಹಾನಿ ತೇಪೆತೇಪೆಯಾಗಿರುತ್ತದೆ. ಚೂರನ್ನು ಓರೆಯಾಗಿ ಕತ್ತರಿಸಿದರೆ ಸರಿಯಾದ ಕುಚ್ಚೂ ಮೊಟಕಾಗಿ ಕಂಡು ದಾರಿ ತಪ್ಪಿಸುತ್ತದೆ. ಕುಚ್ಚು ಸವೆಯುವುದು ಸೀಲಿಯಾಕ್‌ನಲ್ಲಿ ಮಾತ್ರವಲ್ಲ, ಜಿಯಾರ್ಡಿಯಾ ಸೋಂಕಿನಲ್ಲಿ, ಹಾಲಿನ ಅಲರ್ಜಿಯಲ್ಲೂ ಆಗಬಹುದು. ಆದ್ದರಿಂದ ಟಿಟಿಜಿ ಒಂದನ್ನೇ, ಬಯಾಪ್ಸಿ ಒಂದನ್ನೇ ನಂಬದೆ ಎರಡನ್ನೂ ಕೂಡಿಸಿ ಓದಬೇಕು. ಕುಚ್ಚು ಸರಿಯಿದ್ದು ಟಿಟಿಜಿ ಮಾತ್ರ ಏರಿದ್ದರೆ ಚೂರನ್ನು ಮತ್ತೊಮ್ಮೆ ಅನುಭವಿ ಕಣ್ಣಿಗೆ ತೋರಿಸಿ, ಮಗುವಿಗೆ ಗೋಧಿ ಮುಂದುವರಿಸಿಯೇ ಕಾಯುವುದು ರೂಢಿ.

ಗೋಧಿ ನಿಲ್ಲಿಸಬಾರದು ಎಂಬುದು ಇದಕ್ಕೇ. ಬಿಟ್ಟರೆ ತಿಂಗಳುಗಳಲ್ಲಿ ಟಿಟಿಜಿ ಇಳಿಯುತ್ತದೆ, ಕುಚ್ಚು ಮತ್ತೆ ಬೆಳೆಯುತ್ತದೆ. ಆಗ ಪರೀಕ್ಷಿಸಿದರೆ ಎಲ್ಲವೂ ನಾರ್ಮಲ್. ಮಗು ಗುಣವಾಗಿದ್ದು ಗೋಧಿ ಬಿಟ್ಟಿದ್ದಕ್ಕೋ, ಜಂತುವಿನ ಔಷಧಿಗೋ ಹೇಳಲಾಗದು. ಮತ್ತೆ ಗೋಧಿ ತಿನ್ನಿಸಿ ರೋಗ ಬರಿಸುವುದನ್ನು ಐದು ವರ್ಷದೊಳಗಿನ ಮಕ್ಕಳಲ್ಲಿ ವೈದ್ಯರು ಆದಷ್ಟು ತಪ್ಪಿಸುತ್ತಾರೆ, ಬೆಳವಣಿಗೆಗೆ ಹೊಡೆತ ಬೀಳುತ್ತದೆಂದು.

ಹುಡುಗನ ತಾಯಿ ವೈದ್ಯರ ಮಾತು ಕೇಳಿ ಬಯಾಪ್ಸಿ ಆಗುವವರೆಗೆ ಚಪಾತಿ ಕೊಡುತ್ತಲೇ ಇದ್ದರು ಎನ್ನೋಣ. ಕುಚ್ಚು ಸವೆದಿರುವುದು ಖಚಿತವಾಯಿತು, ಚಪಾತಿ, ಬ್ರೆಡ್ಡು, ಬಿಸ್ಕತ್ತು ನಿಂತವು. ಆರು ತಿಂಗಳಲ್ಲಿ ತೂಕ ಏರಿತು, ಟಿಟಿಜಿ 41ಕ್ಕೆ ಇಳಿದು ಅಲ್ಲೇ ನಿಂತಿತು. ಡಯಟಿಷಿಯನ್ ಅಡುಗೆಯನ್ನು ಒಂದೊಂದಾಗಿ ಕೇಳಿದಾಗ ಅಜ್ಜಿ ಹೇಳಿದರು: ‘ಬೆಳಗ್ಗೆ ಉಪ್ಪಿಟ್ಟು, ಹಬ್ಬಕ್ಕೆ ಶಾವಿಗೆ ಪಾಯಸ ಅಷ್ಟೇ. ಗೋಧಿ ಏನೂ ಇಲ್ಲ.’ ಉಪ್ಪಿಟ್ಟಿನ ರವೆ, ಶಾವಿಗೆ ಎರಡೂ ಗೋಧಿಯವೇ. ಹಿಂಗಿನ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಗೋಧಿಹಿಟ್ಟು ಎಂದಿತ್ತು.