‘ಕನ್ನಡಕ್ಕೆ ಅನುವಾದಿಸಿ ಹಿಮ್ಮುಖ ಅನುವಾದ ಮಾಡಲಾಯಿತು’: ಈ ಒಂದು ಸಾಲನ್ನು ಎಷ್ಟು ನಂಬಬೇಕು?

ಹೆರಿಗೆಯ ನಂತರದ ಖಿನ್ನತೆ ಪತ್ತೆಹಚ್ಚಲು ಬಳಸುವ ಎಡಿನ್‌ಬರೋ ಮಾಪಕವನ್ನೇ (ಇಪಿಡಿಎಸ್) ಉದಾಹರಣೆಗೆ ತೆಗೆದುಕೊಳ್ಳೋಣ. 1987ರಲ್ಲಿ ಬಂದ ಇದರಲ್ಲಿ ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 30. ಇದನ್ನು ಕನ್ನಡದಲ್ಲಿ ಬಳಸಿದ ಸಂಶೋಧನಾ ಲೇಖನವೊಂದು ನಿಮ್ಮ ಕೈಯಲ್ಲಿದೆ, ವಿಧಾನ ವಿಭಾಗದಲ್ಲಿ ಶೀರ್ಷಿಕೆಯ ಸಾಲಿನ ಜೊತೆಗೆ ‘ಕ್ರೋನ್‌ಬ್ಯಾಕ್ ಆಲ್ಫಾ 0.82’ ಅಂತಷ್ಟೇ ಇದೆ ಅಂದುಕೊಳ್ಳಿ.

ಮೊದಲು ಹಿಮ್ಮುಖ ಅನುವಾದವನ್ನು, ಅಂದರೆ ಕನ್ನಡದ ಪ್ರತಿಯನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದ ಜೊತೆ ಹೋಲಿಸುವುದನ್ನು, ನೋಡೋಣ. ಆರನೆಯ ಪ್ರಶ್ನೆಯ ಇಂಗ್ಲಿಷ್ ‘ಥಿಂಗ್ಸ್ ಹ್ಯಾವ್ ಬೀನ್ ಗೆಟಿಂಗ್ ಆನ್ ಟಾಪ್ ಆಫ್ ಮಿ’. ‘ಯಾವುದನ್ನೂ ನಿಭಾಯಿಸೋಕೆ ಆಗ್ತಿಲ್ಲ, ಎಲ್ಲ ಕೈಮೀರಿ ಹೋಗ್ತಿದೆ’ ಎಂಬುದು ಅದರ ಅರ್ಥ. ಪದಕ್ಕೆ ಪದ ಇಟ್ಟವರು ‘ವಿಷಯಗಳು ನನ್ನ ಮೇಲೆ ಬರುತ್ತಿವೆ’ ಎಂದು ಬರೆಯುತ್ತಾರೆ. ಕನ್ನಡದ ಕಿವಿಗೆ ‘ಮೇಲೆ ಬರುವುದು’ ಅಂದರೆ ಮೈಮೇಲೆ ದೇವರೋ ದೆವ್ವವೋ ಬಂದ ಹಾಗೆ. ಬಾಣಂತಿ ಗಾಬರಿಯಾಗಿ ‘ಇಲ್ಲಪ್ಪ, ಹಂಗೇನೂ ಇಲ್ಲ’ ಎಂದರೆ ಅಂಕ 0. ಇದೇ ಕನ್ನಡ ವಾಕ್ಯವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದರೆ ಹೆಚ್ಚುಕಡಿಮೆ ಮೂಲದ ವಾಕ್ಯವೇ ಸಿಗುತ್ತದೆ. ಅಂದರೆ ಅನುವಾದ ಎಷ್ಟು ಯಾಂತ್ರಿಕವಾಗಿದೆಯೋ ಹಿಮ್ಮುಖ ಅನುವಾದ ಅಷ್ಟು ಚೆನ್ನಾಗಿ ಹೊಂದುತ್ತದೆ. ಒಳ್ಳೆಯ ಕನ್ನಡ ಮಾತ್ರ ‘ಐ ಆಮ್ ನಾಟ್ ಏಬಲ್ ಟು ಮ್ಯಾನೇಜ್’ ಎಂದು ಬೇರೆ ರೂಪದಲ್ಲಿ ಮರಳುತ್ತದೆ.

ಹಾಗಾಗಿ ‘ಹಿಮ್ಮುಖ ಅನುವಾದ ಮೂಲಕ್ಕೆ ಪೂರ್ತಿ ಹೊಂದಿತು’ ಎಂದು ಬರೆದಿದ್ದರೆ ಅದನ್ನು ಗುಣವೆಂದು ಎಣಿಸಬೇಡಿ. ಎಲ್ಲಿ ಹೊಂದಲಿಲ್ಲ, ಸಮಿತಿ ಕೂತು ಏನು ಬದಲಿಸಿತು ಎಂದು ಒಂದೆರಡು ಪ್ರಶ್ನೆಗಳನ್ನಾದರೂ ಹೆಸರಿಸಿ ಹೇಳಿದ್ದರೆ ಕೆಲಸ ನಿಜವಾಗಿ ನಡೆದಿದೆ ಎನ್ನಬಹುದು. ಸಾಮಾನ್ಯವಾಗಿ ಪಾಲಿಸುವ ಕ್ರಮ ಹೀಗಿದೆ: ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರುತ್ತಾರೆ, ಎರಡನ್ನೂ ಸೇರಿಸಿ ಒಂದು ಪ್ರತಿ ಮಾಡುತ್ತಾರೆ. ಮೂಲವನ್ನು ನೋಡದ ಮತ್ತಿಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಸಮಿತಿ ಎಲ್ಲವನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸಿದ ಮೇಲೆ ಸುಮಾರು 30–40 ಜನರ ಮೇಲೆ ಪೂರ್ವಪರೀಕ್ಷೆ ನಡೆಯುತ್ತದೆ.

ಇಲ್ಲಿ ‘ಮೂಲವನ್ನು ನೋಡದ’ ಎಂಬ ಮಾತು ಮುಖ್ಯ. ಇಪಿಡಿಎಸ್ ಅನ್ನು ದಿನವೂ ಬಳಸುವ ಮನೋವೈದ್ಯರಿಂದ ಹಿಮ್ಮುಖ ಅನುವಾದ ಮಾಡಿಸಿದರೆ ಅವರು ಕನ್ನಡ ಓದಿ ನೆನಪಿನಿಂದ ಮೂಲವನ್ನೇ ಬರೆದುಬಿಡುತ್ತಾರೆ. ಅನುವಾದಕರು ಯಾರು, ಮಾಪಕ ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಲೇಖನದಲ್ಲಿ ಹುಡುಕಿ. ಪೂರ್ವಪರೀಕ್ಷೆಯಲ್ಲಿ ‘ಅರ್ಥ ಆಯ್ತಾ?’ ಎಂದಷ್ಟೇ ಕೇಳಿದ್ದರೆ ಸಾಲದು, ಎಲ್ಲರೂ ಹೂಂ ಅನ್ನುತ್ತಾರೆ. ‘ಇದನ್ನು ನಿಮ್ಮ ಮಾತಲ್ಲಿ ಹೇಳಿ’ ಎಂದು ಕೇಳಿದ್ದರೆ ಮಾತ್ರ ‘ಮೈಮೇಲೆ ಬರುವ’ ತಪ್ಪು ಹೊರಬೀಳುತ್ತದೆ. ಮೈಸೂರಿನಲ್ಲಿ ಸರಿಹೋದ ಮಾತು ಕಲಬುರಗಿಯಲ್ಲಿ ಸರಿಹೋಗದಿರಬಹುದು, ಆದ್ದರಿಂದ ಪೂರ್ವಪರೀಕ್ಷೆ ನಡೆದ ಊರನ್ನೂ ಗಮನಿಸಿ.

ಇನ್ನು ಆಲ್ಫಾ. ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಜೊತೆಯಾಗಿ ಏರಿಳಿಯುತ್ತವೆ ಎಂಬುದಷ್ಟನ್ನೇ ಅದು ಹೇಳುತ್ತದೆ. ಹತ್ತೂ ಪ್ರಶ್ನೆಗಳು ಸುಸ್ತು, ನಿದ್ದೆಗೇಡಿನ ಕಡೆಗೇ ವಾಲಿದ್ದರೂ ಆಲ್ಫಾ ಚೆನ್ನಾಗಿ ಬರುತ್ತದೆ. ಅಳೆದದ್ದು ಖಿನ್ನತೆಯನ್ನೇ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಮಾಪಕ ಅಳೆಯಬೇಕಾದದ್ದನ್ನೇ ಅಳೆಯುತ್ತದೆ ಎಂಬ ಸಿಂಧುತ್ವಕ್ಕೆ ಬೇಕಾದ ಸಾಕ್ಷಿ ಬೇರೆ. ಅದೇ ತಾಯಂದಿರನ್ನು, ಅವರ ಅಂಕ ಗೊತ್ತಿಲ್ಲದ ತರಬೇತಾದ ವ್ಯಕ್ತಿ ಕೆಲವೇ ದಿನಗಳೊಳಗೆ ರೋಗನಿರ್ಣಯ ಸಂದರ್ಶನ ಮಾಡಿರಬೇಕು. ಆಮೇಲೆ ಕಟ್‌ಆಫ್ ಅನ್ನು, ಅಂದರೆ ಎಷ್ಟು ಅಂಕದಿಂದ ಮೇಲೆ ಖಿನ್ನತೆ ಇರಬಹುದು ಎನ್ನುವ ಗಡಿಯನ್ನು, ಆ ಭಾಷೆಯಲ್ಲೇ ಹುಡುಕಿರಬೇಕು. ಮೂಲ ಇಂಗ್ಲಿಷ್ ಅಧ್ಯಯನದಲ್ಲಿ ಅದು 12/13 ಇತ್ತು, ಅಂದರೆ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಶಂಕೆ. ತಮಿಳು ಆವೃತ್ತಿಯ ಸಿಂಧುತ್ವ ಅಧ್ಯಯನದಲ್ಲಿ 8/9ಕ್ಕೆ ಇಳಿಯಿತು. ಹೊಸದಾಗಿ ಅನುವಾದಿಸಿ, ಪರೀಕ್ಷಿಸದೆ 13 ಅನ್ನೇ ಇಟ್ಟುಕೊಂಡ ಲೇಖನ ‘ಶೇಕಡಾ ಇಷ್ಟು ತಾಯಂದಿರಿಗೆ ಖಿನ್ನತೆ’ ಎಂದರೆ ಆ ಶೇಕಡಾವಾರಿಗೆ ಆಧಾರವಿಲ್ಲ.

ಸಿಂಧುತ್ವ ಅಧ್ಯಯನ ನಡೆದಿದ್ದರೂ ಅದರಲ್ಲಿ ಖಿನ್ನತೆಯಿದ್ದವರು ಎಷ್ಟು ಜನ ಎಂದು ಎಣಿಸಿ. 100 ತಾಯಂದಿರಲ್ಲಿ ಸಂದರ್ಶನದ ಪ್ರಕಾರ 15 ಮಂದಿಗೆ ಖಿನ್ನತೆ ಇದ್ದು, ಮಾಪಕ 12 ಮಂದಿಯನ್ನು ಹಿಡಿದಿದೆ ಎನ್ನಿ. ಖಿನ್ನತೆ ಇದ್ದವರಲ್ಲಿ ಮಾಪಕ ಹಿಡಿದವರ ಪಾಲು, ಅಂದರೆ ಸಂವೇದನಶೀಲತೆ, ಶೇ. 80. ಆದರೆ ಅದು ಬರೀ 15 ಜನರಿಂದ ಬಂದ ಅಂಕಿ, ಹಾಗಾಗಿ ಅದರ ಶೇ. 95 ವಿಶ್ವಾಸಾಂತರ, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, ಸುಮಾರು 52ರಿಂದ 96ರವರೆಗೆ ಚಾಚುತ್ತದೆ. ಅರ್ಧದಷ್ಟು ಮಂದಿ ತಪ್ಪಿಹೋಗುತ್ತಿರುವ ಸಾಧ್ಯತೆಯೂ ಅದರಲ್ಲಿದೆ.

‘ಸಿಂಧುಗೊಳಿಸಿದ ಕನ್ನಡ ಆವೃತ್ತಿ ಬಳಸಲಾಗಿದೆ’ ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲದೆ ಉಲ್ಲೇಖವನ್ನು ತೆರೆದು ಓದಿ. ಎಷ್ಟೋ ಸಲ ಅದು 1987ರ ಇಂಗ್ಲಿಷ್ ಲೇಖನಕ್ಕೇ ಹೋಗಿ ನಿಲ್ಲುತ್ತದೆ. ಕನ್ನಡದ ಅಧ್ಯಯನವೇ ಸಿಕ್ಕರೂ ಅದು ಗರ್ಭಿಣಿಯರ ಮೇಲೆ ನಡೆದದ್ದೋ ಬಾಣಂತಿಯರ ಮೇಲೋ, ಪ್ರಶ್ನೆಗಳನ್ನು ಅವರೇ ಓದಿ ತುಂಬಿದರೋ ಆಶಾ ಕಾರ್ಯಕರ್ತೆ ಓದಿ ಹೇಳಿದರೋ ನೋಡಿ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅತ್ತೆ ಪಕ್ಕದಲ್ಲೇ ಕೂತಿರುವಾಗ ಅದನ್ನು ಗಟ್ಟಿಯಾಗಿ ಓದಿದರೆ ಬರುವ ಉತ್ತರವೇ ಬೇರೆ.

ಕೊನೆಗೆ ಅನುಬಂಧದಲ್ಲಿ ಕನ್ನಡ ಪಠ್ಯವಿದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಲೇಖಕರಿಗೆ ಬರೆದು ಕೇಳಿ, ಸಿಕ್ಕ ಕೂಡಲೇ ಮೊದಲು ಆರನೆಯ ಪ್ರಶ್ನೆಯನ್ನೇ ಓದಿ.