ಪಕ್ಕದ ಸೀಟಿಗೆ ಅರ್ಧ ದುಡ್ಡು ಯಾಕೆ?

ಪ್ರಶ್ನೆ: ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ನಾನು 12,000 ರೂಪಾಯಿ ಕೊಟ್ಟು ಹೋದೆ. ಪಕ್ಕದ ಹುಡುಗ ಕೊಟ್ಟಿದ್ದು 5,000. ವಿದ್ಯಾರ್ಥಿ ರಿಯಾಯಿತಿ ಸಿಕ್ಕಿತ್ತೋ, ಮೊದಲೇ ಬುಕ್ ಮಾಡಿದ್ದನೋ ಗೊತ್ತಿಲ್ಲ. ಎರಡೂ ಒಂದೇ ಅಲ್ವಾ?

ಉತ್ತರ: ಎರಡೂ ಬೆಲೆ ತಾರತಮ್ಯವೇ, ಅಂದರೆ ಒಂದೇ ಪ್ರಯಾಣಕ್ಕೆ ಬೇರೆ ಬೇರೆ ಜನರಿಂದ ಬೇರೆ ಬೇರೆ ಬೆಲೆ ವಸೂಲು ಮಾಡುವುದು. ಆದರೆ ಎರಡೂ ಒಂದೇ ಅಲ್ಲ. ಮೊದಲು ಕಂಪನಿಯ ಲೆಕ್ಕ ನೋಡಿ. ನೀವು 12,000ದವರೆಗೂ ಕೊಡಲು ತಯಾರು, ಹುಡುಗ 5,000ಕ್ಕಿಂತ ಜಾಸ್ತಿ ಕೊಡಲಾರ. ಎಲ್ಲರಿಗೂ 5,000 ಅಂತ ಇಟ್ಟರೆ ಇಬ್ಬರಿಂದ ಬರುವುದು 10,000. 12,000 ಅಂತ ಇಟ್ಟರೆ ಹುಡುಗ ರೈಲು ಹತ್ತುತ್ತಾನೆ, ಒಂದು ಸೀಟು ಖಾಲಿ. ಬೇರೆ ಬೇರೆ ಬೆಲೆ ಇಟ್ಟರೆ 17,000.

ತೊಡಕು ಒಂದೇ: ನೀವೂ 5,000ದ ಟಿಕೆಟ್ಟನ್ನೇ ತೆಗೆದುಕೊಂಡರೆ? ಅದನ್ನು ತಡೆಯುವ ದಾರಿಗಳನ್ನು ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲಿ ಮೂರು ದರ್ಜೆಯಾಗಿ ವಿಂಗಡಿಸಿದರು.

ಮೊದಲನೆಯದರಲ್ಲಿ ಪ್ರತಿಯೊಬ್ಬರಿಂದಲೂ ಅವರು ಕೊಡಬಲ್ಲಷ್ಟನ್ನು ಪೂರ್ತಿ ವಸೂಲು ಮಾಡುವುದು. ಅದಕ್ಕೆ ನಿಮ್ಮ ಮನಸ್ಸಿನೊಳಗಿನ ಲೆಕ್ಕವೇ ಗೊತ್ತಿರಬೇಕು. ಗಿರಾಕಿಯ ಮುಖ ನೋಡಿ ಬೆಲೆ ಹೇಳುವ ವ್ಯಾಪಾರಿ ಸ್ವಲ್ಪ ಹತ್ತಿರ ಬರುತ್ತಾನೆ, ಅಷ್ಟೇ.

ವಿದ್ಯಾರ್ಥಿ ರಿಯಾಯಿತಿ ಮೂರನೆಯ ದರ್ಜೆ. ಇಲ್ಲಿ ಕಣ್ಣಿಗೆ ಕಾಣುವ ಗುರುತಿನಿಂದ ಗುಂಪು ಮಾಡುತ್ತಾರೆ. ಐಡಿ ಕಾರ್ಡ್ ಇದ್ದರೆ ಕಡಿಮೆ, ಇಲ್ಲದಿದ್ದರೆ ಇಲ್ಲ. ನಿಮಗೆ ಬೇಕೆಂದರೂ ಆ ಗುಂಪಿಗೆ ಸೇರಲಾಗದು. ಟಿಕೆಟ್ ಮೇಲೆ ಹೆಸರಿರುವುದರಿಂದ ಹುಡುಗ ಅದನ್ನು ನಿಮಗೆ ಮಾರಲೂ ಆಗದು.

ಎರಡನೆಯ ದರ್ಜೆಯೇ ನಿಜವಾದ ಜಾಣತನ ಅನ್ನಿಸುತ್ತದೆ ನನಗೆ. ಇಲ್ಲಿ ನೀವು ಯಾರು ಅಂತ ಯಾರೂ ಕೇಳುವುದಿಲ್ಲ. ಅಗ್ಗದ ಟಿಕೆಟ್ ಎಲ್ಲರಿಗೂ ಇದೆ, ಆದರೆ ವಾರಗಳ ಮೊದಲೇ ಕೊಳ್ಳಬೇಕು, ರದ್ದು ಮಾಡಿದರೆ ಹಣ ಹೆಚ್ಚೇನೂ ವಾಪಸ್ ಬರದು. ನಾಳೆಯ ಮೀಟಿಂಗ್ ಇವತ್ತು ಗೊತ್ತಾಗುವವರು ತಾವಾಗಿಯೇ ದುಬಾರಿ ಟಿಕೆಟ್ ಆರಿಸುತ್ತಾರೆ. ಅಮೆರಿಕದ ಏರ್‌ಲೈನ್‌ಗಳು ಬಹುಕಾಲ ಇನ್ನೊಂದು ಷರತ್ತು ಇಟ್ಟಿದ್ದವು: ಅಗ್ಗದ ಟಿಕೆಟ್ ಬೇಕಾದರೆ ಶನಿವಾರ ರಾತ್ರಿ ಹೋದ ಊರಿನಲ್ಲೇ ಉಳಿಯಬೇಕು. ಪ್ರವಾಸಿಗರಿಗೆ ಅದು ಕಷ್ಟವೇ ಅಲ್ಲ. ಆಫೀಸ್ ಕೆಲಸಕ್ಕೆ ಹೋದವರಿಗೆ ಶುಕ್ರವಾರವೇ ಮನೆ ಸೇರುವ ಆತುರ.

ಅಂದರೆ ಅಗ್ಗದ ಟಿಕೆಟ್ಟಿನ ಕಿರಿಕಿರಿ ಹಲವು ಸಲ ಬೇಕಂತಲೇ ಇಟ್ಟದ್ದು. ಫ್ರಾನ್ಸಿನ ಎಂಜಿನಿಯರ್ ಝೂಲ್ ಡ್ಯುಪ್ವಿ 1849ರಲ್ಲೇ ಇದನ್ನು ಹೇಳಿದ್ದರು. ಆಗ ಮೂರನೇ ಕ್ಲಾಸಿನ ಕೆಲವು ಬೋಗಿಗಳಿಗೆ ಚಾವಣಿ ಇರಲಿಲ್ಲ. ಚಾವಣಿಯ ಖರ್ಚು ಉಳಿಸುವುದು ಅದರ ಉದ್ದೇಶವಲ್ಲ, ಎರಡನೇ ಕ್ಲಾಸಿನ ದುಡ್ಡು ಕೊಡಬಲ್ಲವರು ಮೂರನೆಯದಕ್ಕೆ ಹತ್ತದಂತೆ ತಡೆಯುವುದು ಅಂತ ಅವರು ಬರೆದರು.

ಹಾಗಂತ ದುಬಾರಿ ಟಿಕೆಟ್ಟೆಲ್ಲ ತಾರತಮ್ಯವಲ್ಲ. ದಸರಾ ರಜೆಯಲ್ಲಿ ಸೀಟಿಗೆ ನೂಕುನುಗ್ಗಲಾಗಿ ಎಲ್ಲರಿಗೂ ಬೆಲೆ ಏರಿದರೆ ಅದು ಬರೀ ಬೇಡಿಕೆ. ನಿಮ್ಮ ವಿಷಯದಲ್ಲಿ ಯಾವುದು ನಡೆದಿದೆ ಅಂತ ತಿಳಿಯಲು ಹುಡುಗನ ಟಿಕೆಟ್ ನೋಡಬೇಕಿತ್ತು. ಐಡಿ ಕಾರ್ಡ್ ತೋರಿಸಬೇಕು ಅಂತಿದ್ದರೆ ಮೂರನೆಯದು. ಹಣ ವಾಪಸ್ ಇಲ್ಲ ಅಂತ ಮಾತ್ರ ಇದ್ದರೆ, ತಿಂಗಳ ಹಿಂದೆ ಅದು ನಿಮಗೂ ಸಿಗುತ್ತಿತ್ತು.